ಪ್ರಶ್ನಾವಳಿಯ ಅಂಕ ಬುದ್ಧಿಯದೋ, ಸ್ವಭಾವದ್ದೋ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಈಚೆಗೆ ಹುಬ್ಬಳ್ಳಿಯಲ್ಲಿ ನಡೆದ ತರಬೇತಿಯೊಂದರಲ್ಲಿ ನಮಗೆಲ್ಲ ಭಾವನಾತ್ಮಕ ಬುದ್ಧಿಮತ್ತೆಯ ಪರೀಕ್ಷೆ ಎಂದು 30 ಹೇಳಿಕೆಗಳ ಒಂದು ಹಾಳೆ ಕೊಟ್ಟರು. ‘ಇತರರ ಭಾವನೆಗಳು ನನಗೆ ಸುಲಭವಾಗಿ ತಿಳಿಯುತ್ತವೆ’ ಎಂಬಂಥ ಹೇಳಿಕೆಗಳಿಗೆ ಒಂದರಿಂದ ಐದರವರೆಗೆ ಗುರುತು ಹಾಕಬೇಕಿತ್ತು. ಯಾರನ್ನು ಕಂಡರೆ ಮಕ್ಕಳು ಹೆದರುತ್ತಾರೋ ಅಂಥ ನಮ್ಮ ಸಹೋದ್ಯೋಗಿಯೊಬ್ಬರಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ನನಗೆ ಸರಾಸರಿಗಿಂತ ಕಡಿಮೆ. ಮಕ್ಕಳ ಆಪ್ತಸಮಾಲೋಚನೆಯ ಜವಾಬ್ದಾರಿಯನ್ನು ಈ ಅಂಕ ನೋಡಿ ಹಂಚುತ್ತಾರಂತೆ. ಇದು ನಿಜವಾಗಿಯೂ ಒಂದು ಬಗೆಯ ಬುದ್ಧಿಯೇ, ಅಥವಾ ಸ್ವಭಾವಕ್ಕೆ ಕೊಟ್ಟ ಹೊಸ ಹೆಸರೇ? ಇದನ್ನು ಸರಿಯಾಗಿ ಅಳೆಯಲು ಬರುತ್ತದೆಯೇ?

ಉತ್ತರ: ನಿಮ್ಮ ಸಹೋದ್ಯೋಗಿಗೆ ಹೆಚ್ಚು ಅಂಕ ಬಂದದ್ದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ಧಾರವಾಡದಲ್ಲಿ ಮನೋವಿಜ್ಞಾನ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಇಂಥ ಹಾಳೆಗಳನ್ನು ನಾನೂ ಸಾಕಷ್ಟು ಹಂಚಿದ್ದೇನೆ, ಎಂ.ಎಡ್. ಪ್ರಬಂಧಗಳಲ್ಲಿ ಅವುಗಳ ಕೋಷ್ಟಕಗಳನ್ನು ತಿದ್ದಿದ್ದೇನೆ. ಹೆಚ್ಚು ಅಂಕ ಪಡೆದವರ ಪಟ್ಟಿಯನ್ನು ಕಂಡು ತರಗತಿಯವರೇ ಮುಸಿಮುಸಿ ನಕ್ಕ ಪ್ರಸಂಗಗಳೂ ನಡೆದಿವೆ. ಹಾಗಾಗುವುದೇಕೆಂದು ತಿಳಿಯಲು ಮೊದಲು ಆ ಹಾಳೆಯ ಲೆಕ್ಕವನ್ನೇ ನೋಡೋಣ.

30 ಹೇಳಿಕೆಗಳು, ಪ್ರತಿಯೊಂದಕ್ಕೂ ಗರಿಷ್ಠ ಐದು ಅಂಕ. ಎಲ್ಲ ಹೇಳಿಕೆಗಳೂ ತಮ್ಮನ್ನು ಹೊಗಳಿಕೊಳ್ಳುವ ದಿಕ್ಕಿನಲ್ಲೇ ಇವೆಯೆಂದು ಇಟ್ಟುಕೊಳ್ಳಿ. ತನ್ನ ಬಗ್ಗೆ ಹೆಚ್ಚು ಯೋಚಿಸದೆ ಎಲ್ಲದಕ್ಕೂ ‘ಒಪ್ಪುತ್ತೇನೆ’ ಎಂದು ನಾಲ್ಕನ್ನು ಗುರುತಿಸಿದವರಿಗೆ 120 ಬರುತ್ತದೆ. ‘ನಿನ್ನೆ ಆ ಹುಡುಗಿ ಯಾಕೆ ಅತ್ತಳೆಂದು ನನಗೆ ಕೊನೆಗೂ ತಿಳಿಯಲಿಲ್ಲವಲ್ಲ’ ಎಂದು ನೆನಪು ಮಾಡಿಕೊಂಡು ಮೂರಕ್ಕೆ ನಿಂತವರಿಗೆ 90 ಬರುತ್ತದೆ. ಈ 30 ಅಂಕಗಳ ಅಂತರ ಇಬ್ಬರ ಸಾಮರ್ಥ್ಯದ ಅಂತರವೂ ಆಗಿರಬಹುದು, ಇಬ್ಬರೂ ತಮ್ಮ ಬಗ್ಗೆ ಎಷ್ಟು ಉದಾರಿಗಳು ಎಂಬುದರ ಅಂತರವೂ ಆಗಿರಬಹುದು. ಯಾವುದು ಎಂಬುದನ್ನು ಹಾಳೆಯೊಳಗಿನಿಂದ ತಿಳಿಯಲು ದಾರಿಯೇ ಇಲ್ಲ. ಗಣಿತ ಪರೀಕ್ಷೆಯಲ್ಲಿ ‘ನಾನು ಲೆಕ್ಕ ಚೆನ್ನಾಗಿ ಮಾಡುತ್ತೇನೆ’ ಎಂಬ ಹೇಳಿಕೆಗೆ ಐದು ಗುರುತಿಸಿದ ಹುಡುಗನಿಗೆ ನೀವು ಪೂರ್ಣ ಅಂಕ ಕೊಡುವುದಿಲ್ಲ, ಲೆಕ್ಕ ಮಾಡಿ ತೋರಿಸು ಎನ್ನುತ್ತೀರಿ. ಈ ಕ್ಷೇತ್ರದ ವಾದವಿವಾದಗಳಲ್ಲಿ ಮುಕ್ಕಾಲು ಪಾಲು ಇದೇ ಒಂದು ಗೆರೆಯ ಎರಡು ಬದಿಗಳಲ್ಲಿ ನಡೆದಿದೆ.

1990ರಲ್ಲಿ ಅಮೆರಿಕದ ಪೀಟರ್ ಸ್ಯಾಲೊವೆ ಮತ್ತು ಜಾನ್ ಮೇಯರ್ ‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಹೆಸರಿನಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ‘ಮಾಡಿ ತೋರಿಸುವ’ ಬದಿ. 1997ರ ಹೊತ್ತಿಗೆ ಅವರು ಅದನ್ನು ನಾಲ್ಕು ಶಾಖೆಗಳಾಗಿ ವಿಂಗಡಿಸಿದರು: ಮುಖ, ದನಿಗಳಲ್ಲಿರುವ ಭಾವವನ್ನು ಗುರುತಿಸುವುದು, ಭಾವವನ್ನು ಯೋಚನೆಗೆ ಬಳಸಿಕೊಳ್ಳುವುದು, ಭಾವಗಳು ಯಾಕೆ ಹುಟ್ಟುತ್ತವೆ ಮತ್ತು ಹೇಗೆ ಒಂದರಿಂದ ಇನ್ನೊಂದಕ್ಕೆ ತಿರುಗುತ್ತವೆ ಎಂಬುದನ್ನು ಅರಿಯುವುದು, ತನ್ನ ಹಾಗೂ ಇತರರ ಭಾವಗಳನ್ನು ನಿಭಾಯಿಸುವುದು. ನಡುವೆ 1995ರಲ್ಲಿ ಬಂದ ಡೇನಿಯಲ್ ಗೋಲ್ಮನ್ ಅವರ ಜನಪ್ರಿಯ ಪುಸ್ತಕ ಈ ಹೆಸರನ್ನು ಮನೆಮನೆಗೆ ಮುಟ್ಟಿಸಿತಾದರೂ, ಛಲ, ಉತ್ಸಾಹ, ಆಶಾವಾದಗಳನ್ನೂ ಅದೇ ಚೀಲಕ್ಕೆ ತುಂಬಿತು. 1997ರಲ್ಲೇ ಪ್ರಕಟವಾದ ರೂವೆನ್ ಬಾರ್-ಆನ್ ಅವರ 133 ಹೇಳಿಕೆಗಳ ಪ್ರಶ್ನಾವಳಿ ಈ ವಿಶಾಲ ಅರ್ಥವನ್ನು ಹಿಡಿದದ್ದು. ನಿಮಗೆ ಕೊಟ್ಟ ಹಾಳೆಯೂ ಇದೇ ಕುಲದ್ದು. ಒಂದೇ ಹೆಸರಿನ ಎರಡು ಊರುಗಳಿದ್ದ ಹಾಗೆ ಇದು. ಬಸ್ಸಿನ ಫಲಕ ಓದಿ ಹತ್ತಿದವರು ಇಳಿಯುವಾಗ ಬೇರೆಲ್ಲೋ ಇರುತ್ತಾರೆ.

ಎರಡೂ ಒಂದನ್ನೇ ಅಳೆಯುತ್ತಿದ್ದರೆ, ಒಂದರಲ್ಲಿ ಹೆಚ್ಚು ಅಂಕ ಪಡೆದವರು ಇನ್ನೊಂದರಲ್ಲೂ ಪಡೆಯಬೇಕಲ್ಲವೇ? 2003ರಲ್ಲಿ ಮಾರ್ಕ್ ಬ್ರ್ಯಾಕೆಟ್ ಮತ್ತು ಜಾನ್ ಮೇಯರ್ ಒಂದೇ ವಿದ್ಯಾರ್ಥಿ ಗುಂಪಿಗೆ ಎರಡೂ ಬಗೆಯ ಪರೀಕ್ಷೆ ಕೊಟ್ಟು ನೋಡಿದರು. ಬಾರ್-ಆನ್ ಪ್ರಶ್ನಾವಳಿಗೂ ‘ಮಾಡಿ ತೋರಿಸುವ’ ಬದಿಯ ಸಾಮರ್ಥ್ಯ ಪರೀಕ್ಷೆಗೂ ಕಂಡ ಸಹಸಂಬಂಧ, ಅಂದರೆ ಎರಡರ ಅಂಕಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಳತೆ, 0.21. ಸಹಸಂಬಂಧವನ್ನು ವರ್ಗ ಮಾಡಿದರೆ ಎರಡಕ್ಕೂ ಸಮಾನವಾದ ಪಾಲು ಸಿಗುತ್ತದೆಂಬುದು ವಿಜ್ಞಾನದವರಾದ ನಿಮಗೆ ಗೊತ್ತಿದೆ. ಇಲ್ಲಿ ಅದು ನೂರಕ್ಕೆ ನಾಲ್ಕರಷ್ಟು ಮಾತ್ರ. ಅಂದರೆ ‘ನನಗೆ ಇತರರ ಮನಸ್ಸು ತಿಳಿಯುತ್ತದೆ’ ಎಂದು ಬರೆದವರಿಗೆ ನಿಜವಾಗಿ ತಿಳಿಯುತ್ತದೆಯೇ ಎಂಬ ಬಗ್ಗೆ ಆ ಬರಹ ಹೇಳುವುದು ತೀರ ಸ್ವಲ್ಪ. 2014ರಲ್ಲಿ ಶೆಲ್ಡನ್, ಡನಿಂಗ್ ಮತ್ತು ಏಮ್ಸ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾಮರ್ಥ್ಯ ಪರೀಕ್ಷೆಯಲ್ಲಿ ಕೆಳಗಿನ ಕಾಲು ಭಾಗದಲ್ಲಿ ಬಿದ್ದವರೇ ತಮ್ಮನ್ನು ಅತಿ ಹೆಚ್ಚಾಗಿ ಅಂದಾಜು ಮಾಡಿಕೊಂಡಿದ್ದರು. ಫಲಿತಾಂಶ ತಿಳಿಸಿದಾಗ ಪರೀಕ್ಷೆಯೇ ಸರಿಯಿಲ್ಲವೆಂದು ತಳ್ಳಿಹಾಕುವ ಒಲವೂ, ತಿದ್ದಿಕೊಳ್ಳುವ ಪುಸ್ತಕವನ್ನು ಕೊಳ್ಳಲು ನಿರಾಸಕ್ತಿಯೂ ಅವರಲ್ಲೇ ಹೆಚ್ಚು ಕಂಡವು. ನಿಮ್ಮ ಸಹೋದ್ಯೋಗಿ ಈ ಗುಂಪಿನವರೆಂದು ಇಲ್ಲಿ ಕುಳಿತು ನಾನು ಹೇಳಲಾರೆ. ಅವರ ಹೆಚ್ಚಿನ ಅಂಕ ಅದನ್ನು ಅಲ್ಲಗಳೆಯುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಹಾಗಾದರೆ ಮಾಡಿ ತೋರಿಸುವ ಪರೀಕ್ಷೆಯನ್ನೇ ಕೊಟ್ಟರೆ ಮುಗಿಯಿತಲ್ಲ ಎನ್ನಬಹುದು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಲೆಕ್ಕದ ಪರೀಕ್ಷೆಗೆ ಉತ್ತರಪಟ್ಟಿ ಇರುತ್ತದೆ. ಭಾವನೆಯ ಪ್ರಶ್ನೆಗೆ ಸರಿಯುತ್ತರ ಯಾವುದು, ಅದನ್ನು ನಿರ್ಧರಿಸುವವರು ಯಾರು?

ಪ್ರಸಿದ್ಧ ಪರೀಕ್ಷೆಗಳ ಪ್ರಶ್ನೆಗಳನ್ನು ಬಹಿರಂಗಪಡಿಸುವುದು ಸರಿಯಲ್ಲವಾದ್ದರಿಂದ ನಾನೇ ಒಂದು ಪ್ರಶ್ನೆಯನ್ನು ಕಟ್ಟುತ್ತೇನೆ. ಒಬ್ಬ ರೈತ 20 ಚೀಲ ಒಣಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ತಂದು ಇಳಿಸುತ್ತಾನೆ. ಮೇಲೆ ತಾಡಪತ್ರಿ ಸರಿಯಾಗಿಯೇ ಹೊದಿಸಿದೆ. ರಾತ್ರಿ ಎಂದೂ ಕಾಣದಂಥ ಅಕಾಲಿಕ ಗಾಳಿಮಳೆ ಬಂದು ಹೊದಿಕೆ ಹಾರಿ ಕಾಯಿ ನೆನೆಯುತ್ತದೆ. ಮರುದಿನ ದರ ಬಿದ್ದುಹೋಗುತ್ತದೆ. ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಏನನ್ನಿಸುತ್ತಿರಬಹುದು? ಆಯ್ಕೆಗಳು: ಸಿಟ್ಟು, ಸಂಕಟ, ಪಶ್ಚಾತ್ತಾಪ.

ಉತ್ತರಪಟ್ಟಿ ಮಾಡುವ ಮೊದಲ ವಿಧಾನ ಬಹುಮತ. ಮೇಯರ್, ಸ್ಯಾಲೊವೆ ಮತ್ತು ಡೇವಿಡ್ ಕರೂಸೊ 2002ರಲ್ಲಿ ಹೊರತಂದ, ಅವರ ಹೆಸರುಗಳ ಮತ್ತು ಪರೀಕ್ಷೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎಂಎಸ್‌ಸಿಇಐಟಿ ಎಂದು ಕರೆಯಲಾಗುವ 141 ಅಂಶಗಳ ಪರೀಕ್ಷೆಗೆ ಒಂದು ಉತ್ತರಪಟ್ಟಿ ಹೀಗೆಯೇ ಸಿದ್ಧವಾಯಿತು. ಸಾವಿರಾರು ಜನರಿಗೆ ಪರೀಕ್ಷೆ ಕೊಟ್ಟು, ಪ್ರತಿ ಉತ್ತರವನ್ನು ಎಷ್ಟು ಪಾಲು ಜನ ಆರಿಸಿದರೋ ಆ ಪಾಲನ್ನೇ ಆ ಉತ್ತರದ ಅಂಕವನ್ನಾಗಿ ಮಾಡಿದರು. ನಮ್ಮ ಪ್ರಶ್ನೆಗೆ ನೂರು ಜನರಲ್ಲಿ 60 ಜನ ‘ಸಿಟ್ಟು’ ಎಂದು, 30 ಜನ ‘ಸಂಕಟ’ ಎಂದು, 10 ಜನ ‘ಪಶ್ಚಾತ್ತಾಪ’ ಎಂದು ಉತ್ತರಿಸಿದರೆಂದು ಊಹಿಸಿಕೊಳ್ಳಿ. ಆಗ ‘ಸಿಟ್ಟು’ ಎಂದವರಿಗೆ 0.60, ‘ಸಂಕಟ’ ಎಂದವರಿಗೆ 0.30. ಈಗ ಒಬ್ಬರು ಕುಳಿತು ಯೋಚಿಸುತ್ತಾರೆ: ಇಲ್ಲಿ ಯಾರ ತಪ್ಪೂ ಇಲ್ಲ, ಸಿಟ್ಟು ಬರಬೇಕಾದರೆ ಬೆರಳು ತೋರಿಸಲು ಒಬ್ಬರು ಬೇಕು, ಆದ್ದರಿಂದ ಇದು ಸಂಕಟವೇ ಸರಿ. ಹೀಗೆ ಬಹುಮತಕ್ಕಿಂತ ಸೂಕ್ಷ್ಮವಾಗಿ ಕಂಡವರಿಗೆ ಸಿಗುವುದು ಅರ್ಧ ಅಂಕ. ಬುದ್ಧಿಯ ಪರೀಕ್ಷೆಯಲ್ಲಿ ಕಠಿಣ ಪ್ರಶ್ನೆ ಎಂದರೆ ಬಹಳ ಜನ ತಪ್ಪು ಮಾಡುವ ಪ್ರಶ್ನೆ. ಬಹುಮತವೇ ಸರಿ ಎಂದು ಒಪ್ಪಿಕೊಂಡ ಪರೀಕ್ಷೆಯಲ್ಲಿ ಅಂಥ ಪ್ರಶ್ನೆ ಇರುವುದಕ್ಕೇ ಆಗುವುದಿಲ್ಲ, ಏಕೆಂದರೆ ಬಹಳ ಜನ ತಪ್ಪಿದೊಡನೆ ತಪ್ಪೇ ಸರಿಯುತ್ತರವಾಗಿಬಿಡುತ್ತದೆ.

ಈ ದೋಷದ ಗುರುತು ಅಂಕಗಳಲ್ಲೂ ಕಾಣುತ್ತದೆ. 2014ರಲ್ಲಿ ಮರೀನಾ ಫಿಯೋರಿ ಮತ್ತು ಸಂಗಡಿಗರು ಈ ಪರೀಕ್ಷೆಯ ಪ್ರಶ್ನೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದಾಗ, ಸಾಮರ್ಥ್ಯ ಕಡಿಮೆ ಇರುವವರ ನಡುವಿನ ವ್ಯತ್ಯಾಸವನ್ನು ಅವು ಚೆನ್ನಾಗಿ ಗುರುತಿಸುತ್ತವೆ, ಮೇಲಿನ ಹಂತದವರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸುವಲ್ಲಿ ಸೋಲುತ್ತವೆ ಎಂದು ಕಂಡುಬಂತು. ಸಾಮಾನ್ಯ ಜನರಿಗೆ ತಿಳಿಯುವುದೂ ತಿಳಿಯದವರು ಯಾರೆಂದು ಹೇಳುವ ಜರಡಿ ಅದು. ಉತ್ತಮರಲ್ಲಿ ಅತ್ಯುತ್ತಮರನ್ನು ಆರಿಸುವಷ್ಟು ಸಣ್ಣ ತೂತು ಅದಕ್ಕಿಲ್ಲ.

ಎರಡನೆಯ ವಿಧಾನ ತಜ್ಞರನ್ನು ಕೇಳುವುದು. ಅದೇ ಪರೀಕ್ಷೆಗೆ, ಭಾವನೆಗಳ ಸಂಶೋಧಕರ ಅಂತರರಾಷ್ಟ್ರೀಯ ಸಂಘದ 21 ಸದಸ್ಯರಿಂದ ಇನ್ನೊಂದು ಉತ್ತರಪಟ್ಟಿ ಮಾಡಿಸಿದರು. ತಜ್ಞರ ಪಟ್ಟಿಯಿಂದ ಬಂದ ಅಂಕಕ್ಕೂ ಬಹುಮತದ ಪಟ್ಟಿಯಿಂದ ಬಂದ ಅಂಕಕ್ಕೂ ಸಹಸಂಬಂಧ 0.9ಕ್ಕಿಂತ ಹೆಚ್ಚು. ಪರೀಕ್ಷೆಯ ಕರ್ತೃಗಳು ಇದನ್ನು ತಮ್ಮ ಪರವಾದ ಸಾಕ್ಷಿಯೆಂದರು: ಎರಡು ದಾರಿಗಳು ಒಂದೇ ಕಡೆ ತಲುಪಿದವೆಂದರೆ ಉತ್ತರ ಸರಿಯಿದೆ. ಟೀಕಾಕಾರರು ಅದೇ ಅಂಕಿಯನ್ನು ಎತ್ತಿ ತೋರಿಸಿ, ತಜ್ಞರಿಗೆ ಸಾಮಾನ್ಯರಿಗಿಂತ ಹೆಚ್ಚಿನದೇನೂ ಕಾಣಲಿಲ್ಲವಾದರೆ ಅವರು ತಜ್ಞರಾಗಿ ಉತ್ತರಿಸಿದರೋ ಸಾಮಾನ್ಯರಾಗಿ ಉತ್ತರಿಸಿದರೋ ಎಂದು ಕೇಳಿದರು. ನನಗೆ ಎರಡನೆಯ ಮಾತಿನಲ್ಲಿ ಹೆಚ್ಚು ಹುರುಳು ಕಾಣುತ್ತದೆ.

ಮೂರನೆಯ ವಿಧಾನವೇ ನನ್ನ ಮನಸ್ಸಿಗೆ ಹತ್ತಿರವಾದದ್ದು. ಆಸ್ಟ್ರೇಲಿಯಾದ ಕ್ಯಾರೊಲಿನ್ ಮೆಕ್ಯಾನ್ ಮತ್ತು ರಿಚರ್ಡ್ ರಾಬರ್ಟ್ಸ್ 2008ರಲ್ಲಿ ಪ್ರಕಟಿಸಿದ, ಸನ್ನಿವೇಶಗಳಿಂದ ಭಾವವನ್ನು ಅರಿಯುವ 42 ಪ್ರಶ್ನೆಗಳ ಪರೀಕ್ಷೆಯಲ್ಲಿ ಉತ್ತರಪಟ್ಟಿಯನ್ನು ಜನರಿಂದ ತೆಗೆಯದೆ ಸಿದ್ಧಾಂತದಿಂದ ತೆಗೆದರು. ಐರಾ ರೋಸ್‌ಮನ್ ಅವರ ಸಿದ್ಧಾಂತದ ಪ್ರಕಾರ, ಯಾವ ಭಾವ ಹುಟ್ಟುತ್ತದೆ ಎಂಬುದು ನಾವು ಘಟನೆಯನ್ನು ಹೇಗೆ ತೂಗುತ್ತೇವೆ ಎಂಬುದನ್ನು ಅವಲಂಬಿಸಿದೆ, ಅದರಲ್ಲೂ ಕೆಡುಕಿಗೆ ಕಾರಣ ಯಾರು ಎಂಬುದು ಮುಖ್ಯ. ನಮ್ಮ ರೈತನ ಕಥೆಯಲ್ಲಿ ಕಾರಣ ಮಳೆಯಾದರೆ ಸಂಕಟ. ಅದೇ ಕಥೆಯಲ್ಲಿ ಹಮಾಲನೊಬ್ಬ ತಾಡಪತ್ರಿಯನ್ನು ಎಳೆದು ಹಾಗೆಯೇ ಬಿಟ್ಟುಹೋಗಿದ್ದರೆ ಸಿಟ್ಟು. ‘ಇವತ್ತು ಮಳೆ ಬರುವುದಿಲ್ಲ ಬಿಡು’ ಎಂದು ರೈತನೇ ಹೊದಿಸದೆ ಮಲಗಿದ್ದರೆ ಪಶ್ಚಾತ್ತಾಪ. ಬಿದ್ದ ದರ ಮೂರರಲ್ಲೂ ಒಂದೇ, ಭಾವ ಮಾತ್ರ ಬೇರೆ. ಒಂದೇ ಒಂದು ವಿವರವನ್ನು ಬದಲಿಸಿದಾಗ ಉತ್ತರ ಎಲ್ಲಿಗೆ ಸರಿಯಬೇಕೆಂದು ಮೊದಲೇ ಹೇಳಬಲ್ಲ ಇಂಥ ಪರೀಕ್ಷೆಗೆ ಮಾತ್ರ ‘ಸರಿ’, ‘ತಪ್ಪು’ ಎಂಬ ಪದಗಳನ್ನು ಬಳಸುವ ಹಕ್ಕಿದೆಯೆಂದು ನನ್ನ ಅಭಿಪ್ರಾಯ. ಬಹುಮತ ‘ಸಿಟ್ಟು’ ಎಂದರೂ ಇಲ್ಲಿ ಬಹುಮತವೇ ತಪ್ಪಾಗಬಹುದು, ಹಾಗಾಗಿ ಕಠಿಣ ಪ್ರಶ್ನೆಗಳನ್ನು ಕಟ್ಟಲೂಬಹುದು.

ಇದಕ್ಕೂ ಮಿತಿಯಿದೆ. ಮಳೆ ನಿಂತ ಮೇಲೆ ನೆನೆದ ಪೈರಿನ ಎದುರು ನಿಂತು ದೇವರನ್ನೇ ಬೈದ ರೈತರನ್ನು ನಾನು ಕಂಡಿದ್ದೇನೆ. ಅವರಿಗೆ ಬೆರಳು ತೋರಿಸಲು ಒಬ್ಬನಿದ್ದ. ಸಿದ್ಧಾಂತ ಅಲ್ಲಿ ಸುಳ್ಳಾಗಲಿಲ್ಲ, ಆದರೆ ಪ್ರಶ್ನೆ ಕಟ್ಟಿದವರು ಊಹಿಸಿದ ಕಾರಣ ಬೇರೆ, ಆ ರೈತನ ಮನಸ್ಸಿನಲ್ಲಿದ್ದ ಕಾರಣ ಬೇರೆ. ಇದರ ಜೊತೆಗೆ ಭಾಷೆಯ ತೊಡಕು. ಇಂಗ್ಲಿಷಿನ ಪರೀಕ್ಷೆಗಳು ಸಿಟ್ಟಿನ ಸಮೀಪದ ಮೂರು ನಾಲ್ಕು ಪದಗಳ ಸೂಕ್ಷ್ಮ ಅಂತರದ ಮೇಲೆ ಅಂಕ ಕೊಡುತ್ತವೆ. ಕನ್ನಡಕ್ಕೆ ತರುವವರು ಅವುಗಳಲ್ಲಿ ಎರಡನ್ನು ‘ಬೇಸರ’ ಎಂದು ಮುಗಿಸಿಬಿಡುತ್ತಾರೆ. ನಮ್ಮ ಬೇಸರವೋ, ದುಃಖಕ್ಕೂ ಆಗುತ್ತದೆ, ಮಾಡಲು ಕೆಲಸವಿಲ್ಲದ ಮಧ್ಯಾಹ್ನಕ್ಕೂ ಆಗುತ್ತದೆ, ಮಾತು ಮುರಿದ ಗೆಳತಿಗೂ ಆಗುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ‘ಮುನಿಸು’ ಎಂಬ ಪದವಿದೆ: ಬೇಕಾದವರ ಮೇಲೆ ಮಾತ್ರ ಬರುವ, ಅವರೇ ಬಂದು ಮಾತಾಡಿಸಲಿ ಎಂದು ಕಾಯುವ ಸಿಟ್ಟು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿ ಸಿಟ್ಟಾಗಿದ್ದಾಳೋ ಮುನಿಸಿಕೊಂಡಿದ್ದಾಳೋ ಎಂದು ಗುರುತಿಸಬಲ್ಲ ಶಿಕ್ಷಕಿಯ ಕೌಶಲಕ್ಕೆ ಅನುವಾದಿತ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ. ಬೇರೆ ಭಾಷೆಯಲ್ಲಿ ಹುಟ್ಟಿದ ಪರೀಕ್ಷೆಯ ಪದಗಳನ್ನಷ್ಟೇ ತಿರುಗಿಸಿ, ಆ ನಾಡಿನ ಸರಾಸರಿಯನ್ನೇ ಇಟ್ಟುಕೊಂಡು ನಮ್ಮವರನ್ನು ‘ಸರಾಸರಿಗಿಂತ ಕಡಿಮೆ’ ಎನ್ನುವುದು ಶುದ್ಧ ತಪ್ಪು. ನಿಮ್ಮ ‘ಸರಾಸರಿ’ ಯಾರ ಸರಾಸರಿ ಎಂದು ದಯವಿಟ್ಟು ಕೇಳಿ ನೋಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪ್ರಶ್ನಾವಳಿಯ ಬದಿಗೆ ಉತ್ತರ ತುಸು ನೇರವಾಗಿಯೇ ಇದೆ: ಅದು ಬಹುಪಾಲು ಸ್ವಭಾವ. ವ್ಯಕ್ತಿತ್ವವನ್ನು ಅಳೆಯುವವರು ಸಾಮಾನ್ಯವಾಗಿ ಐದು ಗುಣಗಳನ್ನು ಎಣಿಸುತ್ತಾರೆ: ಬಹಿರ್ಮುಖತೆ, ಹೊಂದಾಣಿಕೆ, ಕರ್ತವ್ಯನಿಷ್ಠೆ, ಭಾವಸ್ಥಿರತೆ, ಹೊಸದಕ್ಕೆ ತೆರೆದ ಮನಸ್ಸು. ನಾನು ಮೇಲೆ ಹೇಳಿದ 2003ರ ಅಧ್ಯಯನದಲ್ಲೇ ಈ ಐದನ್ನೂ ಒಟ್ಟಾಗಿ ಬಳಸಿ ಬಾರ್-ಆನ್ ಅಂಕವನ್ನು ಊಹಿಸಿದಾಗ ಸಹಸಂಬಂಧ 0.75ಕ್ಕೆ ಏರಿತು. ಅಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಳೆಯ ವ್ಯಕ್ತಿತ್ವ ಪರೀಕ್ಷೆಯೇ ಹೇಳಬಲ್ಲದು. ಅಳತೆಯ ದೋಷದ ಪಾಲನ್ನು ಕಳೆದರೆ ಹೊಸದಾಗಿ ಉಳಿಯುವುದು ಇನ್ನೂ ಕಡಿಮೆ. ಸಾಮರ್ಥ್ಯ ಪರೀಕ್ಷೆಗೆ ಅದೇ ಲೆಕ್ಕ 0.38, ಸಮಾನ ಪಾಲು ನೂರಕ್ಕೆ ಹದಿನಾಲ್ಕು. ಲಂಡನ್ನಿನ ಪೆಟ್ರೈಡಿಸ್ ಇದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಅವರು ಮತ್ತು ಏಡ್ರಿಯನ್ ಫರ್ನ್‌ಹ್ಯಾಮ್ 2001ರಿಂದಲೇ ಪ್ರಶ್ನಾವಳಿ ಅಳೆಯುವುದು ಬುದ್ಧಿಯನ್ನಲ್ಲ, ಭಾವನೆಗಳ ವಿಷಯದಲ್ಲಿ ವ್ಯಕ್ತಿಗೆ ತನ್ನ ಮೇಲಿರುವ ನಂಬಿಕೆಯನ್ನು, ಅದಕ್ಕೆ ಸ್ಥಾನ ವ್ಯಕ್ತಿತ್ವದ ಮನೆಯೊಳಗೇ ಎಂದು ಹೇಳುತ್ತ ಬಂದರು. ಪ್ರಾಮಾಣಿಕವಾದ ನಿಲುವು ಅದು. ‘ಬುದ್ಧಿ’ ಎಂಬ ಪದದ ಮೆರುಗೂ ಬೇಕು, ಬುದ್ಧಿಯ ಪರೀಕ್ಷೆಯ ಕಷ್ಟವೂ ಬೇಡ ಎನ್ನುವವರ ಬಗ್ಗೆ ಮಾತ್ರ ನನ್ನ ತಕರಾರು.

ಇಲ್ಲೊಂದು ವಾದವನ್ನು ನೀವು ಕೇಳಿರಬಹುದು: ಪ್ರಶ್ನಾವಳಿ ಏನನ್ನು ಅಳೆದರೇನು, ಕೆಲಸದಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆಂದು ಅದು ಹೇಳುತ್ತದಲ್ಲ? ಹೇಳುತ್ತದೆ, ಸುಳ್ಳಲ್ಲ. ಆದರೆ ಹೇಳುತ್ತಿರುವವರು ಯಾರು ಎಂದು 2015ರಲ್ಲಿ ಡಾನಾ ಜೋಸೆಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದರು. ಅವರ ವಿಧಾನವನ್ನು ನಮ್ಮ ನೆಲದ ಒಂದು ಉದಾಹರಣೆಯಿಂದ ಹೇಳುತ್ತೇನೆ. ಗದಗ ಜಿಲ್ಲೆಯ 200 ಶಿಕ್ಷಕರ ಪ್ರಶ್ನಾವಳಿ ಅಂಕಗಳೂ ಅವರ ಬೋಧನೆಗೆ ಮೇಲಿನವರು ಕೊಟ್ಟ ಅಂಕಗಳೂ ನಿಮ್ಮ ಮುಂದಿವೆಯೆಂದು ಭಾವಿಸಿ. ಎರಡೂ ಒಟ್ಟಿಗೆ ಏರಿಳಿಯುತ್ತವೆ. ಈಗ ಕರ್ತವ್ಯನಿಷ್ಠೆ, ಬಹಿರ್ಮುಖತೆ, ಭಾವಸ್ಥಿರತೆಗಳಲ್ಲಿಯೂ, ಸಾಮಾನ್ಯ ಬುದ್ಧಿಯಲ್ಲಿಯೂ, ತನ್ನ ಕೆಲಸದ ಮೇಲಿನ ಆತ್ಮವಿಶ್ವಾಸದಲ್ಲಿಯೂ ಸರಿಸುಮಾರು ಸಮಾನರಾದವರನ್ನು ಮಾತ್ರ ಒಬ್ಬರ ಪಕ್ಕದಲ್ಲೊಬ್ಬರನ್ನು ನಿಲ್ಲಿಸಿ, ಇವರ ನಡುವೆಯೂ ಪ್ರಶ್ನಾವಳಿಯ ಅಂಕ ಹೆಚ್ಚಿದ್ದವರೇ ಉತ್ತಮ ಬೋಧಕರೇ ಎಂದು ಕೇಳಿ. ಸಂಶೋಧಕರು ಸಂಖ್ಯಾಶಾಸ್ತ್ರದ ಮೂಲಕ ಮಾಡಿದ್ದು ಇದನ್ನೇ. ಹಾಗೆ ಸಮ ಮಾಡಿದ ಮೇಲೆ ಪ್ರಶ್ನಾವಳಿಗೂ ಕಾರ್ಯಕ್ಷಮತೆಗೂ ಇದ್ದ ನಂಟು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಪ್ರಶ್ನಾವಳಿ ಕೆಲಸ ಮಾಡುತ್ತಿದ್ದದ್ದು ತನ್ನದೇ ಬಂಡವಾಳದಿಂದಲ್ಲ, ಕಡ ತಂದ ಬಂಡವಾಳದಿಂದ.

ಸಾಮರ್ಥ್ಯ ಪರೀಕ್ಷೆಯ ಬದಿಗೆ ಪ್ರಶ್ನೆ ಉಲ್ಟಾ ಆಗುತ್ತದೆ. ಅದು ಸ್ವಭಾವವಲ್ಲವೆಂದು ಒಪ್ಪಿಕೊಂಡರೆ, ಸಾಮಾನ್ಯ ಬುದ್ಧಿಯೇ ಬೇರೆ ಅಂಗಿ ತೊಟ್ಟು ಬಂದಿರಬಾರದೇಕೆ? ಎಡ್ವಿನ್ ಲಾಕ್ 2005ರಲ್ಲಿ ಈ ಪರಿಕಲ್ಪನೆಯೇ ಅಸಿಂಧು ಎಂದು ಬರೆದಾಗ ಅವರ ವಾದದ ಒಂದು ಎಳೆ ಇದೇ ಆಗಿತ್ತು: ಭಾವನೆಗಳ ಬಗ್ಗೆ ಸರಿಯಾಗಿ ಯೋಚಿಸುವುದು ಬೇರೊಂದು ಬುದ್ಧಿಯಲ್ಲ, ಇರುವ ಬುದ್ಧಿಯನ್ನೇ ಭಾವನೆಗಳಿಗೆ ಹಚ್ಚುವುದು. ಇದಕ್ಕೆ ತಕ್ಕ ಉತ್ತರ ವಾದದಿಂದ ಬರುವಂಥದ್ದಲ್ಲ, ದತ್ತಾಂಶದಿಂದ ಬರಬೇಕು. ಬುದ್ಧಿಮತ್ತೆಯ ಅಧ್ಯಯನದಲ್ಲಿ ಒಂದು ಸಾಮರ್ಥ್ಯಕ್ಕೆ ಸ್ಥಾನ ಸಿಗಬೇಕಾದರೆ ಎರಡು ಷರತ್ತುಗಳಿವೆ. ಅದು ಉಳಿದ ಬುದ್ಧಿಪರೀಕ್ಷೆಗಳೊಂದಿಗೆ ಸ್ವಲ್ಪವಾದರೂ ಒಟ್ಟಿಗೆ ಏರಿಳಿಯಬೇಕು, ಇಲ್ಲದಿದ್ದರೆ ಅದನ್ನು ಬುದ್ಧಿ ಎನ್ನಲು ಆಧಾರವಿಲ್ಲ. ಪೂರ್ತಿಯಾಗಿ ಒಟ್ಟಿಗೆ ಏರಿಳಿಯಲೂಬಾರದು, ಹಾಗಾದರೆ ಅದು ಹೊಸತಲ್ಲ. 2014ರಲ್ಲಿ ಮೆಕ್ಯಾನ್, ಜೋಸೆಫ್, ನ್ಯೂಮನ್ ಮತ್ತು ರಾಬರ್ಟ್ಸ್ 688 ವಿದ್ಯಾರ್ಥಿಗಳಿಗೆ ಎಂಎಸ್‌ಸಿಇಐಟಿಯನ್ನೂ 15 ಬುದ್ಧಿಪರೀಕ್ಷೆಗಳನ್ನೂ ಕೊಟ್ಟು, ಭಾಷಾಜ್ಞಾನ, ಹೊಸ ಸಮಸ್ಯೆ ಬಿಡಿಸುವಿಕೆ ಮುಂತಾದ ಗುಂಪುಗಳ ಪಕ್ಕದಲ್ಲಿ ಭಾವನೆಯ ಗುಂಪನ್ನೂ ಒಂದು ಅಂತಸ್ತಾಗಿ ನಿಲ್ಲಿಸಿದರೆ ದತ್ತಾಂಶಕ್ಕೆ ಚೆನ್ನಾಗಿ ಹೊಂದುತ್ತದೆಯೆಂದು ತೋರಿಸಿದರು. ಸಾಮಾನ್ಯ ಬುದ್ಧಿಯ ಸೂರಿನಡಿ ತನ್ನದೇ ಕೋಣೆಯುಳ್ಳ ಒಬ್ಬ ಸದಸ್ಯ ಎಂದು ಅದನ್ನು ತಿಳಿಯಬಹುದು.

ಆದರೆ ಆ ಸದಸ್ಯನ ಎಲ್ಲ ಅಂಗಗಳೂ ಒಂದೇ ಸಮನಾಗಿಲ್ಲ. ಭಾವಗಳ ಕಾರಣ ಮತ್ತು ತಿರುವುಗಳನ್ನು ಅರಿಯುವ ಶಾಖೆ, ಅಂದರೆ ನಮ್ಮ ಮೆಣಸಿನಕಾಯಿಯ ಪ್ರಶ್ನೆಯಂಥದ್ದು, ಸಾಮಾನ್ಯ ಬುದ್ಧಿಗೆ ಎಲ್ಲಕ್ಕಿಂತ ಹತ್ತಿರ. ಅದರಲ್ಲಿ ಒಂದಿಷ್ಟು ಪಾಲು ಪದಸಂಪತ್ತೇ ಎಂಬ ಆಕ್ಷೇಪಕ್ಕೆ ನನ್ನ ಬಳಿ ಪೂರ್ಣ ಸಮಾಧಾನವಿಲ್ಲ. ಮುಖ ನೋಡಿ ಭಾವ ಗುರುತಿಸುವ ಶಾಖೆ ಬುದ್ಧಿಯಿಂದ ಹೆಚ್ಚು ದೂರ ನಿಲ್ಲುತ್ತದೆ. ಯೋಚನೆಗೆ ಭಾವವನ್ನು ಬಳಸಿಕೊಳ್ಳುವ ಎರಡನೆಯ ಶಾಖೆಯಂತೂ ದತ್ತಾಂಶದಲ್ಲಿ ಪ್ರತ್ಯೇಕವಾಗಿ ಎದ್ದು ಕಾಣದ ಕಾರಣ ಅನೇಕ ಸಂಶೋಧಕರು ಅದನ್ನು ಕೈಬಿಟ್ಟು ಮೂರನ್ನೇ ಎಣಿಸುತ್ತಾರೆ. ನಿಭಾಯಿಸುವ ಶಾಖೆಯಲ್ಲಿ ಇನ್ನೊಂದು ಬಗೆಯ ಬಿರುಕಿದೆ. ‘ಅಳುತ್ತಿರುವ ವಿದ್ಯಾರ್ಥಿಯೊಂದಿಗೆ ಮೊದಲು ಏನು ಮಾಡಬೇಕು’ ಎಂಬ ಪ್ರಶ್ನೆಗೆ ಸರಿಯಾದ ಆಯ್ಕೆಯನ್ನು ಗುರುತಿಸುವವರು ತರಗತಿಯಲ್ಲಿ, 60 ಮಕ್ಕಳ ಗಲಾಟೆಯ ನಡುವೆ, ಅದನ್ನೇ ಮಾಡುತ್ತಾರೆಂದು ಏನೂ ಖಾತರಿಯಿಲ್ಲ. ಪರೀಕ್ಷೆ ಅಳೆಯುವುದು ತಿಳಿವಳಿಕೆಯನ್ನು. ಅದನ್ನು ಕ್ಷಣದಲ್ಲಿ ನಡೆಗೆ ತರುವುದರಲ್ಲಿ ಸ್ವಭಾವವೂ, ಅಂದಿನ ನಿದ್ದೆಯೂ ಪಾಲುದಾರರು.

ಆದ್ದರಿಂದ ‘ಬುದ್ಧಿಯೋ ಸ್ವಭಾವವೋ’ ಎಂಬುದಕ್ಕೆ ನಾನು ಯಾವ ಪರೀಕ್ಷೆ ಎಂದು ಕೇಳದೆ ಉತ್ತರ ಕೊಡಲಾರೆ. ಯಾರಾದರೂ ಹಾಗೆ ಕೇಳದೆಯೇ ಉತ್ತರ ಕೊಟ್ಟರೆ ಅವರು ಏನನ್ನೋ ಮಾರಲು ಬಂದವರಿರಬಹುದು.

ಆಪ್ತಸಮಾಲೋಚನೆಯ ಜವಾಬ್ದಾರಿಯ ವಿಷಯ. ಶಿಕ್ಷಕರ, ದಾದಿಯರ ಕೆಲಸದಂತೆ ದಿನವಿಡೀ ಭಾವನೆಗಳನ್ನು ನಿಭಾಯಿಸಬೇಕಾದ ಉದ್ಯೋಗಗಳಲ್ಲಿ ಸಾಮರ್ಥ್ಯ ಪರೀಕ್ಷೆಯ ಅಂಕಕ್ಕೆ ಕಾರ್ಯಕ್ಷಮತೆಯೊಂದಿಗೆ ಸಣ್ಣದಾದರೂ ನಿಜವಾದ ನಂಟಿದೆಯೆಂದು ಜೋಸೆಫ್ ಮತ್ತು ನ್ಯೂಮನ್ 2010ರಲ್ಲಿ ತೋರಿಸಿದ್ದಾರೆ. ಹಾಗಾಗಿ ನಿಮ್ಮ ಶಾಲೆಯವರ ಉದ್ದೇಶ ತಪ್ಪಲ್ಲ, ಉಪಕರಣ ತಪ್ಪು. ಅಂಕದ ಮೇಲೆ ಏನಾದರೂ ಸಿಗುತ್ತದೆಂದು ಗೊತ್ತಾದ ಮೇಲೆ ಪ್ರಶ್ನಾವಳಿಯ ಕಥೆ ಇನ್ನೂ ಕೆಡುತ್ತದೆ. 2008ರಲ್ಲಿ ಡೇ ಮತ್ತು ಕ್ಯಾರೊಲ್ ಒಂದೇ ಜನರಿಗೆ ಎರಡು ಸಲ ಪರೀಕ್ಷೆ ಕೊಟ್ಟು, ಒಂದು ಸಲ ಕೆಲಸಕ್ಕೆ ಅರ್ಜಿ ಹಾಕಿದವರಂತೆ ಉತ್ತರಿಸಲು ಹೇಳಿದಾಗ ಬಾರ್-ಆನ್ ಪ್ರಶ್ನಾವಳಿಯ ಅಂಕ ಏರಿತು, ಎಂಎಸ್‌ಸಿಇಐಟಿಯ ಅಂಕ ಏರಲಿಲ್ಲ. ಗೊತ್ತಿಲ್ಲದ ಉತ್ತರವನ್ನು ನಟಿಸಿ ತರಲು ಬರುವುದಿಲ್ಲ.

ನಿಮ್ಮ ಮುಖ್ಯಾಧ್ಯಾಪಕರಲ್ಲಿ ನೀವು ಮೂರು ವಿಷಯ ಕೇಳಬಹುದು: ಹಾಳೆಯಲ್ಲಿ ಸರಿ-ತಪ್ಪು ಉತ್ತರಗಳಿದ್ದವೇ, ಸರಾಸರಿಯನ್ನು ಯಾವ ಜನರಿಂದ ತೆಗೆದರು, ಕನ್ನಡದ ಹೇಳಿಕೆಗಳನ್ನು ಇಲ್ಲಿಯ ಶಿಕ್ಷಕರ ಮೇಲೆ ಪ್ರಯೋಗಿಸಿ ನೋಡಿದ್ದಾರೆಯೇ. ಮೊದಲನೆಯದಕ್ಕೇ ‘ಇಲ್ಲ’ ಎಂದರೆ ಉಳಿದೆರಡನ್ನು ಕೇಳುವ ಅಗತ್ಯ ಬೀಳಲಿಕ್ಕಿಲ್ಲ. ಆಯ್ಕೆ ಮಾಡಲೇಬೇಕೆಂದಿದ್ದರೆ, ‘ಮನೆಯ ತೊಂದರೆಯೊಂದನ್ನು ಹೇಳಿಕೊಳ್ಳಬೇಕಾಗಿ ಬಂದರೆ ಯಾವ ಶಿಕ್ಷಕರ ಬಳಿ ಹೋಗುತ್ತೀರಿ’ ಎಂದು 8ನೇ ಮತ್ತು 9ನೇ ತರಗತಿಯ ಮಕ್ಕಳಿಂದ ಹೆಸರಿಲ್ಲದ ಚೀಟಿ ಬರೆಸಿ ಎಣಿಸುವುದು ಒಳ್ಳೆಯದು. ಅದು ಭಾವನಾತ್ಮಕ ಬುದ್ಧಿಮತ್ತೆಯ ಅಳತೆಯಲ್ಲ, ಮಕ್ಕಳು ಯಾರ ಬಳಿ ಹೋಗುತ್ತಾರೆಂಬುದರ ಅಳತೆ. ಈ ಹುದ್ದೆಗೆ ಬೇಕಾದದ್ದೂ ಅಷ್ಟೇ.